ಔಷಧಕ್ಕೆ ದೋಷವಿಲ್ಲವೆ?

ಕಳೆದ ಮಳೆಗಾಲದ ಮೊದಲ ವಾರದಲ್ಲಿ ಕೋಗಿಲಬನದ ನಮ್ಮ ಮನೆಯ ಹಿತ್ತಿಲಿನಲ್ಲಿ ಅವ್ವ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಶಸ್ತ್ರಚಿಕಿತ್ಸೆ ಆಯಿತು. ಮನೆಗೆ ಕಳಿಸುವಾಗ ವೈದ್ಯರು ಬರೆದುಕೊಟ್ಟ ಔಷಧಗಳಲ್ಲಿ ಒಂದು, ವಾರಕ್ಕೊಮ್ಮೆ ಹಾಲಿನೊಂದಿಗೆ ನುಂಗಬೇಕಾದ ಮೆತ್ತನೆಯ ಕ್ಯಾಪ್ಸೂಲು. 60,000 ಯೂನಿಟ್ಟಿನ ಡಿ ಜೀವಸತ್ವ, ಎಂಟು ವಾರ. ಪಟ್ಟಿಯ ಹಿಂಬದಿಯ ಸಣ್ಣಕ್ಷರಗಳನ್ನು ಕನ್ನಡಕ ಏರಿಸಿ ಓದಿದಾಗ ಕ್ಯಾಪ್ಸೂಲಿನ ಕವಚ ಜೆಲಾಟಿನ್ನಿನದು ಎಂದು ತಿಳಿಯಿತು. ಜೆಲಾಟಿನ್ ಎಂದರೆ ದನ, ಹಂದಿ ಮೊದಲಾದ ಪ್ರಾಣಿಗಳ ಎಲುಬು ಮತ್ತು ತೊಗಲನ್ನು ಸಂಸ್ಕರಿಸಿ ತೆಗೆದ ಅಂಟು. ಅರವತ್ತು ವರ್ಷಗಳಿಂದ ಸೂರ್ಯಾಸ್ತದ ಮೇಲೆ ಉಣ್ಣದ, ಗೆಡ್ಡೆ ಮುಟ್ಟದ, ಜೇನುತುಪ್ಪವನ್ನು ಔಷಧಕ್ಕೂ ನೆಕ್ಕದ ಅವ್ವನಿಗೆ ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ. "ಎಣ್ಣೆಯ ಗುಳಿಗೆ" ಎಂದು ಹೇಳಿ ಕೊಟ್ಟೆ. ಒಳಗೆ ಎಣ್ಣೆ ಇದ್ದದ್ದು ನಿಜ.

ಈ ಸಂಗತಿಯನ್ನು ಸಹೋದ್ಯೋಗಿಯೊಬ್ಬರ ಬಳಿ ಹೇಳಿಕೊಂಡಾಗ ಅವರು ಸಮಾಧಾನದ ಮಾತಾಡಿದರು: "ಔಷಧಕ್ಕೆ ದೋಷವಿಲ್ಲ ಸರ್. ಹಿಂದೂ, ಜೈನ, ಬೌದ್ಧ ಮೂರೂ ಕಡೆ ಹಾಗೇ ಇದೆ. ಮೂರೂ ಅಹಿಂಸೆ ಹೇಳ್ತವೆ, ಮೂರೂ ಆಪತ್ತಿನಲ್ಲಿ ಬಿಡ್ತವೆ." ಅವರು ಸಜ್ಜನರು, ವಿದ್ವಾಂಸರು. ಅವರು ಹೇಳಿದ್ದನ್ನೇ ನಾನು ಎಷ್ಟೋ ವಿಚಾರ ಸಂಕಿರಣಗಳಲ್ಲಿ ಬೇರೆ ಬೇರೆ ಪಂಡಿತರಿಂದ ಕೇಳಿದ್ದೇನೆ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಓದಿದ್ದೇನೆ. ಆದರೂ ಆ ಮಾತು ತಪ್ಪು. ಮೂರು ಪರಂಪರೆಗಳು ಮಾಂಸವನ್ನು ಬಿಡಿರೆಂದು ಹೇಳುವ ಕಾರಣಗಳು ಬೇರೆ, ವಿನಾಯಿತಿ ಕೊಡುವ ಜಾಗಗಳು ಅದಕ್ಕಿಂತಲೂ ಬೇರೆ. ಒಂದು ಪರಂಪರೆ ಪಾಪ ಎಲ್ಲಿದೆಯೆಂದು ನಂಬಿದೆ ಎಂಬುದನ್ನು ಅದರ ನಿಷೇಧಕ್ಕಿಂತ ಅದರ ವಿನಾಯಿತಿಯೇ ಸ್ಪಷ್ಟವಾಗಿ ಹೇಳುತ್ತದೆ. ಮೂರನ್ನೂ ‘ಸಸ್ಯಾಹಾರ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಈ ಭೇದ ಮರೆಯಾಗುತ್ತದೆ.

ಸಸ್ಯಾಹಾರ ಎಂಬ ಶಬ್ದವೇ ನಮ್ಮ ಹಳೆಯ ಗ್ರಂಥಗಳ ಪರಿಭಾಷೆಯಲ್ಲ. ಅಲ್ಲಿರುವುದು ಮಾಂಸತ್ಯಾಗ, ಮಾಂಸವಿರತಿ, ಭಕ್ಷ್ಯಾಭಕ್ಷ್ಯ. ಜೋಯಿಡಾದ ಕುಣಬಿಗಳು ಕಾಡಂಚಿನ ಹೊಲಗಳಲ್ಲಿ ಬೆಳೆಯುವ ಬಗೆಬಗೆಯ ಗೆಡ್ಡೆ ಗೆಣಸುಗಳು ಯಾವ ಲೆಕ್ಕದಲ್ಲಿಯೂ ಸಸ್ಯಾಹಾರವೇ. ಶಿರಸಿ ಕಡೆಯ ಹವ್ಯಕರ ಮನೆಯಲ್ಲಿ ಅವು ಸಂತೋಷದಿಂದ ಬೇಯುತ್ತವೆ. ನಮ್ಮ ಅವ್ವನಿಗೆ ಮಾತ್ರ ಅವು ಅನಂತಕಾಯ. ಒಂದು ಗೆಡ್ಡೆಯಲ್ಲಿ ಅನಂತ ಜೀವಗಳು. ಹೀಗೆ ಜೈನರ ಗೆರೆ ಪ್ರಾಣಿ ಮತ್ತು ಸಸ್ಯಗಳ ನಡುವೆ ನಿಲ್ಲದೆ ಸಸ್ಯಗಳ ಒಳಗೂ ಹಾದುಹೋಗುತ್ತದೆ. ಇತ್ತ ಗೋವೆಯ ಗಡಿಯುದ್ದಕ್ಕೂ ಇರುವ ಸಾರಸ್ವತ ಬ್ರಾಹ್ಮಣರಲ್ಲಿ ಮೀನು ನಿಷಿದ್ಧವಲ್ಲ. ಗೆರೆಗಳೇ ಒಂದಾಗಿಲ್ಲದಿರುವಾಗ ವಿನಾಯಿತಿಗಳು ಒಂದಾಗಿರುವುದೆಂತು?

ರೋಗಿಯ ಹಾಸಿಗೆಯನ್ನೇ ನಿಕಷವಾಗಿಟ್ಟುಕೊಂಡು ನೋಡೋಣ. ಆರೋಗ್ಯವಂತನು ಮಾಂಸ ಬಿಡುವುದು ಸುಲಭ. ಬಿಟ್ಟರೆ ಜೀವ ಹೋದೀತು ಎಂದು ವೈದ್ಯ ಹೇಳಿದಾಗ ಏನು?

ವೈದಿಕ ಪರಂಪರೆಯ ಉತ್ತರ ನೇರವಾಗಿದೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಮಾಂಸ ತಿನ್ನಬಹುದಾದ ಸಂದರ್ಭಗಳು ಒಂದೇ ಶ್ಲೋಕದಲ್ಲಿ ಬರುತ್ತವೆ: ಯಜ್ಞದಲ್ಲಿ ಪ್ರೋಕ್ಷಿತವಾದದ್ದು, ಬ್ರಾಹ್ಮಣರ ಇಚ್ಛೆಯಿಂದ, ವಿಧಿಪೂರ್ವಕವಾಗಿ ನಿಯುಕ್ತನಾದಾಗ, ಕೊನೆಯದಾಗಿ ಪ್ರಾಣಕ್ಕೆ ಅಪಾಯ ಬಂದಾಗ. ಅದೇ ಅಧ್ಯಾಯವು ಮುಂದೆ ಕೊಲ್ಲುವವನಷ್ಟೇ ಅಲ್ಲ, ಅನುಮತಿಸುವವನು, ಕಡಿಯುವವನು, ಕೊಳ್ಳುವವನು, ಮಾರುವವನು, ಬೇಯಿಸುವವನು, ಬಡಿಸುವವನು, ತಿನ್ನುವವನು ಎಲ್ಲರೂ ಘಾತಕರೇ ಎನ್ನುತ್ತದೆ. ಇನ್ನೂ ಮುಂದೆ ಹೋಗಿ, ಮಾಂಸಭಕ್ಷಣೆಯಲ್ಲಿ ದೋಷವಿಲ್ಲ, ಅದು ಜೀವಿಗಳ ಪ್ರವೃತ್ತಿ, ಆದರೆ ನಿವೃತ್ತಿಗೆ ಮಹಾಫಲವಿದೆ ಎಂದು ಮುಗಿಸುತ್ತದೆ. ಇದನ್ನು ವಿರೋಧಾಭಾಸವೆಂದು ನಗುವ ನಮ್ಮವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಇಲ್ಲಿ ಪಾಪದ ನೆಲೆ ವಿಧಿಯ ಉಲ್ಲಂಘನೆ. ವಿಧಿ ಇರುವಲ್ಲಿ ಕೊಂದರೂ ಅದು ವಧೆಯಲ್ಲ. ವಿಧಿ ಇಲ್ಲದಲ್ಲಿ ಕೊಂಡರೂ ಅದು ವಧೆ. ಆಪತ್ತು ಕೂಡ ಒಂದು ವಿಧಿಯೇ. ಅದರ ಹೆಸರು ಆಪದ್ಧರ್ಮ.

ಆಪದ್ಧರ್ಮವನ್ನು ಸಡಿಲ ಬಾಗಿಲೆಂದು ತಿಳಿಯುವುದು ಅನ್ಯಾಯ. ಹಸಿವಿನಿಂದ ಸಾಯುತ್ತಿದ್ದ ವಿಶ್ವಾಮಿತ್ರನು ಚಂಡಾಲನಿಂದ ನಾಯಿಯ ತೊಡೆಯನ್ನು ಪಡೆಯಲು ಹೊರಟ ಕಥೆಯನ್ನು ಮನುವೂ ನೆನೆಯುತ್ತಾನೆ, ಶಾಂತಿಪರ್ವವೂ ವಿಸ್ತರಿಸುತ್ತದೆ. ಆದರೆ ಆ ಬಾಗಿಲಿನ ಅಗಲ ಎಷ್ಟೆಂದು ತಿಳಿಯಲು ಛಾಂದೋಗ್ಯದ ಉಷಸ್ತಿ ಚಾಕ್ರಾಯಣನನ್ನು ನೋಡಬೇಕು. ಕುರುದೇಶದಲ್ಲಿ ಬೆಳೆ ಹಾಳಾಗಿ ಕ್ಷಾಮ ಬಂದಾಗ ಅವನು ಶ್ರೀಮಂತನೊಬ್ಬ ತಿನ್ನುತ್ತಿದ್ದ ಎಂಜಲು ಕಾಳನ್ನು ಬೇಡಿ ತಿಂದ. ತಿಂದ ಮೇಲೆ ಆ ಮನುಷ್ಯ ನೀರನ್ನೂ ಕೊಟ್ಟಾಗ, ಅದು ಎಂಜಲು, ಬೇಡ ಎಂದ. ಕಾಳು ಎಂಜಲಾಗಿರಲಿಲ್ಲವೆ ಎಂದು ಕೇಳಿದರೆ, ಕಾಳು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರು ನನಗೆ ಬೇಕೆಂದಲ್ಲಿ ಸಿಗುತ್ತದೆ ಎಂಬುದು ಅವನ ಉತ್ತರ. ಇದು ಮಾಂಸದ ಕಥೆಯಲ್ಲ. ಆದರೆ ವಿನಾಯಿತಿ ಎಲ್ಲಿಗೆ ನಿಲ್ಲಬೇಕೆಂಬುದನ್ನು ಇದಕ್ಕಿಂತ ನಿಖರವಾಗಿ ಹೇಳಿದ ಕಥೆ ನನಗೆ ಗೊತ್ತಿಲ್ಲ. ಅವಶ್ಯಕತೆ ಮುಗಿದ ಕ್ಷಣಕ್ಕೆ ವಿನಾಯಿತಿಯೂ ಮುಗಿಯಿತು. ನನ್ನ ಸಹೋದ್ಯೋಗಿಯ ಮಾತನ್ನು ಅವರದೇ ಪರಂಪರೆಯ ಈ ಅಳತೆಗೋಲಿನಿಂದ ಅಳೆದರೂ ಅದು ನಿಲ್ಲುವುದಿಲ್ಲ. ಅದೇ ಜೀವಸತ್ವ ಪುಡಿಯ ಪೊಟ್ಟಣದಲ್ಲಿ ಸಿಗುತ್ತದೆ. ಬೇರೆ ಕಡೆ ನೀರು ಸಿಗುವಾಗ ಎಂಜಲು ನೀರು ಏಕೆ?

ಬೌದ್ಧರ ಲೆಕ್ಕ ಬೇರೆ. ಅದನ್ನು ಹೇಳಲು ಹೊರಟ ಜೈನನು ಮೊದಲು ತನ್ನ ಪೂರ್ವಿಕರ ಒಂದು ಪ್ರಸಂಗವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಪ್ರಸಂಗ ಅದು. ವೈಶಾಲಿಯ ಸಿಂಹ ಸೇನಾಪತಿ ನಿರ್ಗ್ರಂಥರ ಉಪಾಸಕನಾಗಿದ್ದವನು, ಬುದ್ಧನ ಕಡೆ ಒಲಿದು, ಭಿಕ್ಷುಸಂಘವನ್ನು ಊಟಕ್ಕೆ ಕರೆದ. ಆಳನ್ನು ಕಳಿಸಿ ಮಾರುಕಟ್ಟೆಯಲ್ಲಿ ಆಗಲೇ ಇದ್ದ ಮಾಂಸವನ್ನು ತರಿಸಿದ. ಆಗ ನಿರ್ಗ್ರಂಥರು ಬೀದಿಬೀದಿಯಲ್ಲಿ ಕೈಯೆತ್ತಿ, ಸಿಂಹನು ಶ್ರಮಣ ಗೌತಮನಿಗಾಗಿ ದೊಡ್ಡ ಪಶುವನ್ನು ಕೊಂದಿದ್ದಾನೆ, ತನಗಾಗಿ ಕೊಂದದ್ದೆಂದು ತಿಳಿದೂ ಗೌತಮನು ತಿನ್ನುತ್ತಿದ್ದಾನೆ ಎಂದು ಕೂಗಿದರಂತೆ. ಈ ಪ್ರಸಂಗದ ಕೊನೆಗೆ ಬುದ್ಧನು ನಿಯಮ ಮಾಡಿದ: ತನಗಾಗಿ ಕೊಂದದ್ದೆಂದು ಕಂಡಿದ್ದರೆ, ಕೇಳಿದ್ದರೆ, ಸಂಶಯವಿದ್ದರೆ ಭಿಕ್ಷು ತಿನ್ನಬಾರದು, ಈ ಮೂರೂ ಇಲ್ಲದಿದ್ದರೆ ಅದು ತ್ರಿಕೋಟಿಪರಿಶುದ್ಧ. ಇದು ಬೌದ್ಧರು ಬರೆದಿಟ್ಟ ಕಥೆ, ನಮ್ಮವರು ನಿಜವಾಗಿಯೂ ಕೂಗಿದರೋ ಇಲ್ಲವೋ ಎಂದು ತಪ್ಪಿಸಿಕೊಳ್ಳಬಹುದು. ಆದರೆ ಎರಡು ಸಂಘಗಳ ನಡುವಿನ ಜಗಳ ಯಾವುದರ ಬಗೆಗೆ ಇತ್ತೆಂಬುದನ್ನು ಅದು ಸರಿಯಾಗಿ ದಾಖಲಿಸಿದೆ. ಭಿಕ್ಷುವಿನ ಪಾತ್ರೆಗೆ ಬಿದ್ದ ತುಂಡಿಗೆ ಅವನು ಹೊಣೆಯೇ? ಬುದ್ಧನ ಪ್ರಕಾರ, ಕೊಲೆಯ ಬಾಣ ಅವನ ಕಡೆಗೆ ಗುರಿಯಿಟ್ಟಿರದಿದ್ದರೆ ಹೊಣೆಯಲ್ಲ. ಕೊಳ್ಳುವವನನ್ನೂ ಬಡಿಸುವವನನ್ನೂ ಘಾತಕನೆನ್ನುವ ಮನುವಿಗಿಂತ ಈ ವಿಷಯದಲ್ಲಿ ಬುದ್ಧ ಸಡಿಲ. ಯಜ್ಞದ ವಧೆಯನ್ನು ವಧೆಯೇ ಎನ್ನುವುದರಲ್ಲಿ ಬಿಗಿ. ದೇವದತ್ತನು ಮೀನು ಮಾಂಸವನ್ನು ಭಿಕ್ಷುಗಳಿಗೆ ಪೂರ್ತಿ ನಿಷೇಧಿಸಬೇಕೆಂದು ಕೇಳಿದಾಗ ಬುದ್ಧನು ಒಪ್ಪಲಿಲ್ಲ ಎಂಬುದನ್ನೂ ಸೇರಿಸಿಕೊಂಡರೆ ಆ ನಿಲುವು ಪೂರ್ಣವಾಗುತ್ತದೆ.

ರೋಗಿಯ ಪ್ರಶ್ನೆಗೆ ಅದೇ ಮಹಾವಗ್ಗದಲ್ಲಿ ಮೈನಡುಗಿಸುವ ಕಥೆಯಿದೆ. ವಾರಾಣಸಿಯ ಸುಪ್ಪಿಯಾ ಎಂಬ ಉಪಾಸಿಕೆ, ವಿರೇಚನ ತೆಗೆದುಕೊಂಡು ಬಳಲಿದ್ದ ಭಿಕ್ಷುವಿಗೆ ಮಾಂಸದ ರಸ ಕೊಡುತ್ತೇನೆಂದು ಮಾತು ಕೊಟ್ಟಳು. ಅಂದು ನಗರದಲ್ಲಿ ಪಶುವಧೆ ನಿಷೇಧದ ದಿನ, ಮಾಂಸ ಎಲ್ಲಿಯೂ ಸಿಗಲಿಲ್ಲ. ಅವಳು ತನ್ನ ತೊಡೆಯನ್ನೇ ಕೊಯ್ದು ಬೇಯಿಸಿ ಕಳಿಸಿದಳು. ವಿಷಯ ತಿಳಿದ ಬುದ್ಧನು ಗದರಿದ್ದು ಯಾರನ್ನು? ತಿಂದ ಭಿಕ್ಷುವನ್ನು. ಗದರಿದ್ದು ಮಾಂಸ ತಿಂದದ್ದಕ್ಕಲ್ಲ, ಯಾವ ಮಾಂಸವೆಂದು ಕೇಳದೆ ತಿಂದದ್ದಕ್ಕೆ. ಮನುಷ್ಯಮಾಂಸದ ನಿಷೇಧವೂ, ವಿಚಾರಿಸದೆ ಮಾಂಸ ತಿನ್ನಬಾರದೆಂಬ ನಿಯಮವೂ ಅಲ್ಲಿಂದ ಬಂದವು. ರೋಗಿಗೆ ಮಾಂಸ ಸಲ್ಲುತ್ತದೆ, ಆದರೆ ಕುರುಡಾಗಿ ಸಲ್ಲುವುದಿಲ್ಲ.

ಮುಂದೆ ಮಹಾಯಾನದ ಲಂಕಾವತಾರ ಸೂತ್ರ ಈ ತ್ರಿಕೋಟಿಯ ಬಾಗಿಲನ್ನೂ ಮುಚ್ಚಿತು. ಅದನ್ನು ಓದುವ ಟಿಬೆಟನ್ನರೇ ಮಾಂಸ ತಿನ್ನುತ್ತಾರೆ ಎಂದು ನಮ್ಮ ಕಡೆ ಕುಹಕವಾಡುವುದುಂಟು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನೆಲೆ ಇದೆ. ಡ್ರೆಪುಂಗ್, ಗಾಂದೆನ್ ಎಂಬ ಮಹಾವಿಹಾರಗಳು ಅಲ್ಲಿ ಮತ್ತೆ ಎದ್ದು ನಿಂತಿವೆ. ಕುಹಕವಾಡುವ ಮೊದಲು ಟಿಬೆಟ್ಟಿನ ಎತ್ತರದಲ್ಲಿ ಏನು ಬೆಳೆಯುತ್ತಿತ್ತೆಂದು ಕೇಳಬೇಕು: ಬಾರ್ಲಿ ಬಿಟ್ಟರೆ ಹೆಚ್ಚಿನದೇನಿಲ್ಲ. ದಲೈ ಲಾಮಾ ಅವರೇ 1960ರ ದಶಕದ ನಡುವಿನಲ್ಲಿ ಭಾರತದಲ್ಲಿ ಮಾಂಸ ಬಿಟ್ಟು, ಸುಮಾರು 20 ತಿಂಗಳ ನಂತರ ಕಾಮಾಲೆಗೆ ತುತ್ತಾಗಿ, ವೈದ್ಯರ ಸಲಹೆಯಂತೆ ಮತ್ತೆ ತೆಗೆದುಕೊಂಡದ್ದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಆದರೂ ವಿಹಾರಗಳ ಸಾಮೂಹಿಕ ಅಡುಗೆಮನೆಗಳಲ್ಲಿ ಮಾಂಸ ಬೇಡವೆಂದು ಒತ್ತಿ ಹೇಳುತ್ತ ಬಂದಿದ್ದಾರೆ. ಇದರಲ್ಲಿ ಕಪಟವಿಲ್ಲ. ತನಗೆ ಬೇಕಾದ ವಿನಾಯಿತಿಯನ್ನು ಬಚ್ಚಿಡದೆ, ಅದನ್ನೇ ಎಲ್ಲರಿಗೂ ನಿಯಮವನ್ನಾಗಿಯೂ ಮಾಡದೆ ಇರುವುದು ಸಣ್ಣ ವಿಷಯವಲ್ಲ.

ಈಗ ನಮ್ಮ ಮನೆಗೆ ಬರೋಣ.

ಮುಂಡಗೋಡದ ನೆರೆಯ ಬಂಕಾಪುರ ಬನವಾಸಿ ನಾಡಿನ ರಾಜಧಾನಿಯಾಗಿದ್ದ ಕಾಲವೊಂದಿತ್ತು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಸಾಮಂತ ಲೋಕಾದಿತ್ಯನು ಅಲ್ಲಿಂದ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತೆಂದು ಆ ಗ್ರಂಥದ ಪ್ರಶಸ್ತಿ ಹೇಳುತ್ತದೆ. ಆ ಪುರಾಣದಲ್ಲಿ ಶ್ರೇಣಿಕ ಮಹಾರಾಜನ ಹಿಂದಿನ ಭವದ ಕಥೆಯಿದೆ. ಅವನು ಆಗ ಖದಿರಸಾರನೆಂಬ ಬೇಡ. ಮುನಿಯೊಬ್ಬರು ಎದುರಾದಾಗ, ಮದ್ಯ ಮಾಂಸಗಳನ್ನು ಬಿಡಲು ನನ್ನಿಂದಾಗದು ಎಂದ. ಕಾಗೆಯ ಮಾಂಸವನ್ನಾದರೂ ಬಿಡಬಲ್ಲೆಯಾ ಎಂದು ಮುನಿ ಕೇಳಿದರು. ಅದನ್ನು ಅವನು ಎಂದೂ ತಿಂದವನಲ್ಲ, ಬಿಟ್ಟೆ ಎಂದ. ಕಾಲ ಕಳೆದು ರೋಗ ಬಂತು. ವೈದ್ಯರು ಹೇಳಿದ ಔಷಧ ಕಾಗೆಯ ಮಾಂಸ. ಬಂಧುಗಳು ಒತ್ತಾಯಿಸಿದರು, ಅವನು ಒಪ್ಪಲಿಲ್ಲ. ಪ್ರಾಣ ಹೋದರೂ ಹೋಗಲಿ ಎಂದವನು ಕೊನೆಗೆ ಉಳಿದೆಲ್ಲ ಮಾಂಸವನ್ನೂ ಬಿಟ್ಟು, ಶ್ರಾವಕವ್ರತ ತೊಟ್ಟು ದೇವಗತಿಗೆ ಹೋದ.

ಕಾಗೆಯೇ ಏಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ರಾಜಯಕ್ಷ್ಮದ ಅಧ್ಯಾಯವನ್ನು ತೆರೆದು ನೋಡಿದರೆ ಉತ್ತರ ಹೊಳೆಯುತ್ತದೆ. ಮಾಂಸ ಕ್ಷಯಿಸಿದ ರೋಗಿಗೆ ಮಾಂಸ ತಿನ್ನುವ ಪ್ರಾಣಿಗಳ ಮಾಂಸವೇ ಬಲ ಕೊಡುತ್ತದೆಂದು ಚರಕ ಹೇಳುತ್ತಾನೆ. ರೋಗಿ ಹೇಸುತ್ತಾನಲ್ಲವೆ? ಅದಕ್ಕೂ ಉಪಾಯವಿದೆ: ಹದ್ದು ಗೂಗೆಗಳನ್ನು ನವಿಲೆಂದು ಹೇಳಿ ಕೊಡು, ಕಾಗೆಯನ್ನು ತಿತ್ತಿರಿ ಹಕ್ಕಿಯೆಂದು ಹೇಳಿ ಕೊಡು, ಹಾವನ್ನು ಮೀನೆಂದು ಹೇಳಿ ಕೊಡು. ತಿಳಿದರೆ ಅವನು ತಿನ್ನುವುದಿಲ್ಲ, ತಿಂದರೂ ಕಾರಿಕೊಳ್ಳುತ್ತಾನೆ, ಆದ್ದರಿಂದ ಮರೆಮಾಚಿ ಕೊಡಬೇಕು. ಗುಣಭದ್ರರು ಈ ವೈದ್ಯಶಾಸ್ತ್ರವನ್ನು ನೆನೆದೇ ಕಾಗೆಯನ್ನು ಆರಿಸಿದರೆಂದು ನನ್ನ ಊಹೆ. ಯಾರೂ ಇಷ್ಟಪಟ್ಟು ತಿನ್ನದ ಹಕ್ಕಿ ಅದು, ಔಷಧವಾಗಿ ಮಾತ್ರ ತಟ್ಟೆಗೆ ಬರುವಂಥದ್ದು. ಹಾಗಿರುವಾಗ ಮುನಿ ಕೇಳಿದ ಅತಿ ಸಣ್ಣ ತ್ಯಾಗವೇ ಕಡೆಗೆ ಅತಿ ದೊಡ್ಡದಾಗುತ್ತದೆ.

ಈ ಕಥೆ ಹೇಳುವುದು ‘ಜೈನರಲ್ಲಿ ವಿನಾಯಿತಿಯೇ ಇಲ್ಲ’ ಎಂದಲ್ಲ. ಹಾಗೆ ಹೆಮ್ಮೆಪಡುವ ನಮ್ಮವರು ಕಥೆಯ ಅರ್ಧವನ್ನಷ್ಟೇ ಓದಿದ್ದಾರೆ. ಖದಿರಸಾರನಿಗೆ ಮುನಿ ಕೊಟ್ಟ ವಿನಾಯಿತಿ ಅಗಾಧವಾದದ್ದು: ಕಾಗೆಯೊಂದನ್ನು ಬಿಟ್ಟು ಕಾಡಿನ ಅಷ್ಟೂ ಪ್ರಾಣಿಗಳು. ನಮ್ಮಲ್ಲಿ ವಿನಾಯಿತಿ ಇರುವುದು ವ್ರತದ ಮುಂಚೆ. ಎಷ್ಟು ಹೊರಬಲ್ಲೆಯೋ ಅಷ್ಟನ್ನೇ ಹೊರು. ಅಣುವ್ರತವೋ ಮಹಾವ್ರತವೋ, ಒಂದು ಹಕ್ಕಿಯೋ ಎಲ್ಲ ಜೀವಗಳೋ, ಆಯ್ಕೆ ನಿನ್ನದು. ಗೃಹಸ್ಥನಿಗೆ ಒಲೆ ಹೊತ್ತಿಸುವ, ಹೊಲ ಉಳುವ, ಆತ್ಮರಕ್ಷಣೆಯ ಹಿಂಸೆ ತಪ್ಪದು, ಸಂಕಲ್ಪಿ ಹಿಂಸೆಯನ್ನಷ್ಟೇ ಬಿಡು ಎನ್ನುವುದೂ ಇದೇ ಔದಾರ್ಯ. ಆದರೆ ಹೊತ್ತ ಮೇಲೆ ರೋಗ, ಹಸಿವು, ಬಂಧುಗಳ ಒತ್ತಾಯ ಯಾವುದೂ ಅದನ್ನು ಇಳಿಸುವ ಕಾರಣವಲ್ಲ. ವೈದಿಕರು ವಿನಾಯಿತಿಯನ್ನು ವಿಧಿಯಲ್ಲಿ ಮತ್ತು ಕಾಲದಲ್ಲಿ ಇಟ್ಟರು, ಬೌದ್ಧರು ಕೊಲೆ ನಡೆದ ಬಗೆಯಲ್ಲಿ ಇಟ್ಟರು, ನಾವು ಪ್ರತಿಜ್ಞೆಯ ಹೊಸ್ತಿಲಲ್ಲಿ ಇಟ್ಟೆವು.

ಈ ಭೇದದ ತೀಕ್ಷ್ಣತೆ ತಿಳಿಯಬೇಕಾದರೆ ಸಮಂತಭದ್ರರ ರತ್ನಕರಂಡಕದಲ್ಲಿ ಸಲ್ಲೇಖನದ ಲಕ್ಷಣವನ್ನು ನೋಡಬೇಕು. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ: ಇವು ಬಂದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನ. ಈ ಪಟ್ಟಿಯನ್ನು ಆಪದ್ಧರ್ಮದ ಪಕ್ಕದಲ್ಲಿಟ್ಟು ನೋಡಿರಿ. ವಿಶ್ವಾಮಿತ್ರನನ್ನು ನಾಯಿಮಾಂಸಕ್ಕೆ ಕರೆದೊಯ್ದದ್ದು ದುರ್ಭಿಕ್ಷ. ಸುಪ್ಪಿಯಾಳ ತೊಡೆ ಬೇಡಿದ್ದು ರೋಗ. ಯಾವ ಸಂದರ್ಭಗಳಲ್ಲಿ ಇತರರು ಅಭಕ್ಷ್ಯವನ್ನು ತಿನ್ನಲು ಬಿಡುತ್ತಾರೋ, ಹೆಚ್ಚುಕಡಿಮೆ ಅದೇ ಸಂದರ್ಭಗಳಲ್ಲಿ ಸಮಂತಭದ್ರರು ಭಕ್ಷ್ಯವನ್ನೂ ಬಿಡು ಎನ್ನುತ್ತಾರೆ. ‘ಮೂರೂ ಆಪತ್ತಿನಲ್ಲಿ ಬಿಡುತ್ತವೆ’ ಎಂಬ ಸಹೋದ್ಯೋಗಿಯ ಮಾತು ಮುರಿದುಬೀಳುವುದು ಇಲ್ಲಿ. ಆಪತ್ತಿನಲ್ಲಿ ನಾವೂ ಬಿಡುತ್ತೇವೆ ನಿಜ, ಆದರೆ ನಿಯಮವನ್ನಲ್ಲ, ಅನ್ನವನ್ನು.

ತಾನಾಗಿ ಸತ್ತ ಪ್ರಾಣಿಯ ಮಾಂಸವಾದರೆ? ಬೌದ್ಧರ ತ್ರಿಕೋಟಿಯಲ್ಲಿ ಅದು ಸುಲಭವಾಗಿ ಉತ್ತೀರ್ಣವಾಗುತ್ತದೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಆ ಸಂದನ್ನೂ ಮುಚ್ಚಿದರು. ತಾನಾಗಿ ಸತ್ತ ಎಮ್ಮೆ, ಎತ್ತುಗಳ ಮಾಂಸವಾದರೂ ಸರಿ. ಹಸಿಯಾಗಿರಲಿ, ಬೆಂದಿರಲಿ, ಬೇಯುತ್ತಿರಲಿ, ಅದರಲ್ಲಿ ಅದೇ ಜಾತಿಯ ನಿಗೋದ ಜೀವಗಳು ಎಡೆಬಿಡದೆ ಹುಟ್ಟುತ್ತಿರುತ್ತವೆ ಎಂಬುದು ಅವರ ವಾದ. ಬಹಳ ಜೀವಗಳನ್ನು ಕೊಲ್ಲುವ ಧಾನ್ಯದೂಟಕ್ಕಿಂತ ಒಂದೇ ದೊಡ್ಡ ಪ್ರಾಣಿಯನ್ನು ಕೊಂದು ತಿನ್ನುವುದು ಮೇಲಲ್ಲವೆ ಎಂಬ, ಇಂದೂ ಚತುರರು ಎತ್ತುವ ಪ್ರಶ್ನೆಯನ್ನೂ ಅವರು ಎತ್ತಿಕೊಂಡು ತಳ್ಳಿಹಾಕಿದ್ದಾರೆ. ನಿಗೋದದ ವಾದವನ್ನು ಇಂದಿನ ಜೀವಶಾಸ್ತ್ರದ ಸೂಕ್ಷ್ಮಾಣುಗಳೊಂದಿಗೆ ಹೊಂದಿಸಿ ಚಪ್ಪಾಳೆ ಗಿಟ್ಟಿಸುವ ಉಪನ್ಯಾಸಗಳಿವೆ, ಅದು ಬೇಡ. ಅದೇ ಜಾತಿಯ ಜೀವಗಳು ಎಂದದ್ದನ್ನು ಬ್ಯಾಕ್ಟೀರಿಯಾ ಎಂದು ಓದಲಾಗದು. ಅವರ ಉದ್ದೇಶ ತತ್ತ್ವದ್ದು: ಕೊಂದವರು ಯಾರೆಂಬ ಪ್ರಶ್ನೆಯನ್ನು ಮೀರಿ ಪದಾರ್ಥವನ್ನೇ ಹಿಂಸೆಯ ನೆಲೆಯಾಗಿ ತೋರಿಸುವುದು.

ಇಷ್ಟು ಕಠಿಣವಾದರೆ ರೋಗಿಗಳು ಸಾಯಬೇಕೆ ಎಂದು ನನ್ನ ಸಹೋದ್ಯೋಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಇದಕ್ಕೆ ಕರ್ನಾಟಕದ ಜೈನ ಪರಂಪರೆ ಕೊಟ್ಟ ಉತ್ತರ ಸಾಯಿರಿ ಎಂಬುದಲ್ಲ, ಬೇರೆ ಔಷಧ ಹುಡುಕಿರಿ ಎಂಬುದು. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ ಎಂಬ ಸಂಸ್ಕೃತ ವೈದ್ಯಗ್ರಂಥದ ಕೊನೆಯಲ್ಲಿ ಹಿತಾಹಿತಾಧ್ಯಾಯವೆಂಬ ಭಾಗವಿದೆ. ನೃಪತುಂಗವಲ್ಲಭನ ಸಭೆಯಲ್ಲಿ, ವಿದ್ವಾಂಸರ ಮತ್ತು ವೈದ್ಯರ ಮುಂದೆ, ಔಷಧವಾಗಿ ಮಾಂಸವು ನಿಷ್ಫಲವೆಂದು ವಾದಿಸಿ ಹೇಳಿದ್ದು ಅದು. ಪಾಪವೆಂದಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. ವೈದ್ಯರ ಎದುರು ವೈದ್ಯನಾಗಿ ನಿಂತು ಅದು ಬೇಕಾಗಿಲ್ಲ ಎಂದು ತೋರಿಸಲು ಹೊರಟರು. ಮುಂದೆ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ಗ್ರಂಥವನ್ನು ಕನ್ನಡಕ್ಕೆ ತಂದು ಕರ್ಣಾಟಕ ಕಲ್ಯಾಣಕಾರಕ ರಚಿಸಿದಾಗ ಮದ್ಯ ಮಾಂಸಗಳಿಲ್ಲದ ಚಿಕಿತ್ಸಾಕ್ರಮವನ್ನೇ ಕೊಟ್ಟ. ವಿನಾಯಿತಿಯ ಬಾಗಿಲು ಮುಚ್ಚಿದವರು ಗೋಡೆಯಲ್ಲಿ ಇನ್ನೊಂದು ಬಾಗಿಲು ಕೊರೆಯುವ ಶ್ರಮವನ್ನೂ ಪಟ್ಟರು. ಆ ಔಷಧಗಳೆಲ್ಲ ಫಲಿಸಿದವೆಂದು ನಾನು ಹೇಳಲಾರೆ. ಆದರೆ ಮಾಂಸ ಬೇಡ ಎಂದಷ್ಟೇ ಹೇಳಿ ಪರ್ಯಾಯ ಹುಡುಕದ ಇಂದಿನ ನಮ್ಮ ಸಮಾಜಕ್ಕೂ ಅವರಿಗೂ ಇರುವ ಅಂತರ ಇದು.

ಮತ್ತೂ ಒಂದು ದಾರಿಯಿದೆ. ಅದು ಸ್ವತಃ ಸಮಂತಭದ್ರರ ಕಥೆಯಲ್ಲಿದೆ. ದೇವಚಂದ್ರನ ರಾಜಾವಳಿ ಕಥೆ ಮೊದಲಾದೆಡೆ ಬರುವಂತೆ, ಅವರಿಗೆ ಎಷ್ಟು ಉಂಡರೂ ಹಸಿವು ತೀರದ ಭಸ್ಮಕ ರೋಗ ಬಂತು. ಮುನಿಯ ಒಂದು ಹೊತ್ತಿನ ಮಿತಾಹಾರದಲ್ಲಿ ಅದು ಶಮನವಾಗುವಂತಿರಲಿಲ್ಲ. ಸಲ್ಲೇಖನಕ್ಕೆ ಅನುಮತಿ ಕೇಳಿದರು. ಗುರು ಕೊಡಲಿಲ್ಲ. ದೀಕ್ಷೆಯನ್ನು ಇಳಿಸಿ, ರೋಗ ತೀರುವವರೆಗೆ ಬೇಕಾದಷ್ಟು ಉಂಡು, ಮತ್ತೆ ದೀಕ್ಷೆ ತೆಗೆದುಕೋ ಎಂದರು. ಅವರು ವೇಷ ಬದಲಿಸಿ ಶಿವಾಲಯದ ನೈವೇದ್ಯವನ್ನು ಉಂಡು ಗುಣವಾಗಿ ಮರಳಿ ಮುನಿಯಾದರು. ಇದು ಐತಿಹ್ಯ; ಚರಿತ್ರೆಯೆಂದು ನಾನು ಒತ್ತಾಯಿಸುವುದಿಲ್ಲ. ಆದರೆ ಸಲ್ಲೇಖನದ ಲಕ್ಷಣ ಬರೆದ ಆಚಾರ್ಯನಿಗೇ ಸಲ್ಲೇಖನ ನಿರಾಕರಿಸಲಾಯಿತೆಂದು ನೆನಪಿಟ್ಟುಕೊಂಡ ಪರಂಪರೆ ಹೃದಯಹೀನವಾದುದಲ್ಲ. ಮುನಿಯಾಗಿಯೇ ಉಳಿದು ಮುನಿಯ ನಿಯಮವನ್ನು ಮುರಿಯುವುದಕ್ಕೆ ಅಲ್ಲಿ ಅನುಮತಿಯಿಲ್ಲ; ಗುರುವಿನ ಅರಿವಿನಲ್ಲಿ ಮೆಟ್ಟಿಲಿಳಿದು ಮತ್ತೆ ಹತ್ತುವುದಕ್ಕೆ ಇದೆ.

ಈಗ ನನ್ನ ‘ಎಣ್ಣೆಯ ಗುಳಿಗೆ’ಗೆ ಯಾವ ಪರಂಪರೆಯಲ್ಲಿ ಜಾಗ? ಉಷಸ್ತಿಯ ಲೆಕ್ಕದಲ್ಲಿ ಇಲ್ಲ, ಪರ್ಯಾಯವಿತ್ತು. ಸುಪ್ಪಿಯಾಳ ಕಥೆಯ ಲೆಕ್ಕದಲ್ಲಿಯೂ ಇಲ್ಲ. ತಿನ್ನುವವಳು ಕೇಳಿ ತಿಳಿಯುವ ಅವಕಾಶವನ್ನೇ ನಾನು ಕಿತ್ತುಕೊಂಡಿದ್ದೆ. ಖದಿರಸಾರನ ಲೆಕ್ಕದಲ್ಲಂತೂ ನಾನು ಒತ್ತಾಯಿಸಿದ ಬಂಧುಗಳಿಗಿಂತ ಕೀಳು. ಅವರಾದರೂ ಕಾಗೆಯನ್ನು ಕಾಗೆಯೆಂದೇ ಹೇಳಿದರು. ನನಗೆ ಜಾಗ ಸಿಗುವುದು ಚರಕನ ವೈದ್ಯನ ಪಕ್ಕದಲ್ಲಿ, ಕಾಗೆಯನ್ನು ತಿತ್ತಿರಿಯೆಂದು ಬಡಿಸುವವನ ಪಕ್ಕದಲ್ಲಿ. ಅವನಿಗೆ ಕ್ಷಯರೋಗಿಯನ್ನು ಉಳಿಸುವ ಕಾರಣವಾದರೂ ಇತ್ತು. ನನಗಿದ್ದದ್ದು ಅವ್ವನ ಪ್ರಶ್ನೆಗಳನ್ನು ತಪ್ಪಿಸಿಕೊಳ್ಳುವ ಕಾರಣ.

ಇಪ್ಪತ್ತೈದು ವರ್ಷಗಳಿಂದ ನಾನು ಯಶೋಧರ ಚರಿತೆಯನ್ನು ಪಾಠ ಮಾಡುತ್ತ ಬಂದಿದ್ದೇನೆ. ಜನ್ನ 1209ರಲ್ಲಿ ಬರೆದ ಆ ಕಾವ್ಯದಲ್ಲಿ ತಾಯಿಯ ಒತ್ತಾಯಕ್ಕೆ ಮಣಿದು ಮಗ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಆ ಸಂಕಲ್ಪಕ್ಕೆ ತಾಯಿ ಮಗ ಇಬ್ಬರೂ ಜನ್ಮಜನ್ಮ ತೊಳಲುತ್ತಾರೆ. ಮಾಧ್ವ ಪರಂಪರೆಯಲ್ಲಿ ಹಿಟ್ಟಿನ ಪಶು ಹಿಂಸೆಯಿಂದ ಪಾರಾಗುವ ಉಪಾಯ. ಜನ್ನನಲ್ಲಿ ಅದೇ ಹಿಂಸೆ. ಏಕೆಂದರೆ ಕೋಳಿಯ ಹೆಸರಿಟ್ಟು ಕಡಿದದ್ದು ಮನಸ್ಸು. ಅಲ್ಲಿ ಜೀವವಿಲ್ಲದ್ದಕ್ಕೆ ಜೀವದ ಹೆಸರು. ನಮ್ಮ ಮನೆಯಲ್ಲಿ ಜೀವದಿಂದ ಬಂದದ್ದಕ್ಕೆ ಎಣ್ಣೆಯ ಹೆಸರು. ಅವ್ವನ ಸಂಕಲ್ಪದಲ್ಲಿ ಕಲೆಯಿಲ್ಲ. ಹಿಂಸೆ ಮಾಡದವನಿಗೂ ಅದರ ಫಲ ತಟ್ಟಬಹುದು, ಮಾಡಿದವನಿಗೂ ತಟ್ಟದಿರಬಹುದು, ಭಾವವೇ ಪ್ರಮಾಣ ಎಂದು ಅಮೃತಚಂದ್ರರು ಬಿಡಿಸಿ ಹೇಳಿದ್ದಾರೆ. ಕೃತ, ಕಾರಿತ, ಅನುಮೋದಿತಗಳಲ್ಲಿ ‘ಕಾರಿತ’ ನನ್ನ ಖಾತೆಗೆ.

ಐದನೆಯ ವಾರ ಹೇಳಿದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು.

"ಎಷ್ಟು ನುಂಗೀನಿ?"

"ನಾಕು."

"ಎಲುಬಿಂದಂತಿ. ದನದ್ದೇನು?"

"ಇರಬಹುದವ್ವಾ. ಪಟ್ಟಿ ಮ್ಯಾಲೆ ಬರ್ದಿಲ್ಲ."

ನಾಲ್ಕು ಉಪವಾಸ ಎಂದು ತಾನೇ ನಿರ್ಧರಿಸಿದಳು. ಮೂಳೆ ಕೂಡುವ ಕಾಲದಲ್ಲಿ ಉಪವಾಸ ಬೇಡವೆಂದು ನಾನು ಬೇಡಿಕೊಂಡೆ. ಕಡೆಗೆ, ನಡೆಯುವಂತಾದ ಮೇಲೆ ಮಾಡುವುದು, ಅಲ್ಲಿಯವರೆಗೆ ತುಪ್ಪ ಬಿಡುವುದು ಎಂದು ಇತ್ಯರ್ಥವಾಯಿತು. ಉಳಿದ ನಾಲ್ಕು ವಾರಕ್ಕೆ ದಾಂಡೇಲಿಯ ಅಂಗಡಿಯಿಂದ ಹಾಲಿನಲ್ಲಿ ಕದಡಿ ಕುಡಿಯುವ ಪುಡಿಯ ಪೊಟ್ಟಣಗಳನ್ನು ತಂದೆ. ಈ ಸಲ ಬಚ್ಚಿಡಲಿಲ್ಲ. ಕವಚವಿಲ್ಲ, ಆದರೆ ಡಿ ಜೀವಸತ್ವವನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಗೆ ಅಂಟಿದ ಜಿಡ್ಡಿನಿಂದ ತಯಾರಿಸುತ್ತಾರೆ ಎಂದೂ ಹೇಳಿದೆ.

"ಉಣ್ಣಿ ಕತ್ತರಿಸಿದ್ರ ಕುರಿ ಸಾಯ್ತದೇನು?" ಎಂದು ಕೇಳಿದಳು.

"ಇಲ್ಲ."

"ಹಂಗಾರ ಅದು ಹಾಲಿನ ಲೆಕ್ಕ" ಎಂದು ಲೋಟಕ್ಕೆ ಕೈ ಚಾಚಿದಳು. ಆಮೇಲೆ, ಆ ಕುರಿಯನ್ನು ಮುಪ್ಪಿನಲ್ಲಿ ಏನು ಮಾಡುತ್ತಾರೆಂದು ಕೇಳಿದಳು. ನಾನು ಗೊತ್ತಿದ್ದಷ್ಟು ಹೇಳಿದೆ. ಅವಳು ಕುಡಿದಳು, ಮುಂದಿನ ವಾರ ಕುಡಿಯುವ ಮೊದಲು ಮತ್ತೆ ಅದನ್ನೇ ಕೇಳಿದಳು.